ಸೋಮವಾರ ಕೆಲಸಕ್ಕೆ ಸೇರಬೇಕು, ನೇಮಕಾತಿ ಪತ್ರ ಇನ್ನೂ ಬಂದಿಲ್ಲ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಆಕೆಗೆ ಮೂವತ್ತರ ಆಸುಪಾಸು. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಹೊಸ ಕಂಪನಿಯ ಆಫರ್ ಲೆಟರ್ ಒಪ್ಪಿಕೊಂಡು, ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು. ನನ್ನ ಹತ್ತಿರ ಬಂದಾಗ ಬುಧವಾರ ಸಂಜೆ. ಶುಕ್ರವಾರ ಹಳೆ ಆಫೀಸಿನಲ್ಲಿ ಕೊನೆಯ ದಿನ, ಸೋಮವಾರ ಹೊಸ ಕಡೆ ಸೇರುವ ದಿನ. ಅಪಾಯಿಂಟ್‌ಮೆಂಟ್ ಲೆಟರ್ ಮಾತ್ರ ಪತ್ತೆ ಇಲ್ಲ.

"ಮತ್ತೆ ಮತ್ತೆ ಕೇಳಿದರೆ ಇವಳದ್ದು ಕಿರಿಕಿರಿ ಅಂತ ಆಫರನ್ನೇ ವಾಪಸ್ ತಗೊಂಡುಬಿಟ್ಟರೆ ಏನ್ ಮಾಡಲಿ ಮೇಡಂ?" ಅಂದರು. ನಿದ್ದೆ ಸರಿಯಾಗಿ ಇಲ್ಲ, ಐದು ನಿಮಿಷಕ್ಕೊಮ್ಮೆ ಮೇಲ್ ತೆರೆದು ನೋಡುವುದು. ಮನೆಯವರು "ಏನಾಯ್ತು" ಅಂತ ಕೇಳಿದರೂ ಸಿಟ್ಟು ಬರುತ್ತಿತ್ತಂತೆ.

ಸಮಾಧಾನದ ಮಾತಿಗಿಂತ ಮೊದಲು ಫೋನ್ ತೋರಿಸಿ ಅಂದೆ. ವಾಟ್ಸಾಪ್‌ನಲ್ಲಿ ಅವರು ಕಳಿಸಿದ ಮೆಸೇಜ್‌ಗಳೆಲ್ಲ ಒಂದೇ ತರ: "ಸರ್, ಏನಾದರೂ ಅಪ್‌ಡೇಟ್ ಇದೆಯಾ?" ಅತ್ತ ಕಡೆಯಿಂದ ಬಂದದ್ದೂ ಒಂದೇ ಉತ್ತರ: "ಪ್ರಾಸೆಸ್‌ನಲ್ಲಿದೆ." ಆ ಸರ್ ಯಾರು ಅಂದರೆ, ಇಂಟರ್‌ವ್ಯೂ ಗೊತ್ತುಮಾಡಿದ ರಿಕ್ರೂಟರ್.

ಎಡವಟ್ಟು ಇಲ್ಲೇ ಇತ್ತು. ಅಭ್ಯರ್ಥಿ ಆಫರ್ ಒಪ್ಪಿದ ಮೇಲೆ ಬಹಳ ಕಡೆ ರಿಕ್ರೂಟರ್ ಕೆಲಸ ಮುಗಿದ ಹಾಗೆಯೇ. ಫೈಲು ಎಚ್‌ಆರ್‌ನ ಇನ್ನೊಂದು ಗುಂಪಿಗೆ ಹೋಗುತ್ತದೆ. ದಾಖಲೆ ಪರಿಶೀಲಿಸುವವರು, ಪತ್ರ ತಯಾರಿಸುವವರು, ಸೇರ್ಪಡೆ ನೋಡಿಕೊಳ್ಳುವವರು ಬೇರೆ. ರಿಕ್ರೂಟರ್‌ಗೆ ಆ ಫೈಲು ಎಲ್ಲಿದೆ ಅಂತ ಗೊತ್ತಿರಲೇಬೇಕು ಅಂತೇನಿಲ್ಲ. ಪಾಪ, ಅವರೂ ಗೊತ್ತಿಲ್ಲ ಅನ್ನೋಕಾಗದೆ ಪ್ರಾಸೆಸ್ ಅಂತಾರೆ. ಆಕೆ ಇಷ್ಟು ದಿನ ಉತ್ತರ ಇಲ್ಲದವರನ್ನೇ ಕೇಳುತ್ತಿದ್ದರು.

ಆಮೇಲೆ ಆಫರ್ ಲೆಟರನ್ನು ಒಂದೊಂದೇ ಸಾಲು ಓದಿದೆವು. ಹೆಚ್ಚಿನವರು ಸಂಬಳದ ಅಂಕಿ ನೋಡಿ ಮಡಚಿಡುವ ಕಾಗದ ಅದು. ಕೊನೆಯ ಪುಟದಲ್ಲಿತ್ತು: "ದಾಖಲೆಗಳ ಪರಿಶೀಲನೆ ಮುಗಿದ ಬಳಿಕ ನೇಮಕಾತಿ ಪತ್ರ ನೀಡಲಾಗುವುದು." ಅಂದರೆ ತಡೆ ಇರುವುದು ಪರಿಶೀಲನೆಯಲ್ಲೇ ಇರಬಹುದು. ಕೆಲವು ಕಂಪನಿಗಳು ಸೇರಿದ ದಿನವೇ ಪತ್ರ ಕೈಗೆ ಕೊಡುತ್ತವೆ, ಆಫರ್ ಲೆಟರಿನಲ್ಲೇ ಹಾಗೆ ಬರೆದಿರುತ್ತದೆ. ಹಾಗಿದ್ದರೆ ಪತ್ರ ಬಂದಿಲ್ಲ ಅನ್ನುವುದು ಸಮಸ್ಯೆಯೇ ಅಲ್ಲ. ಇವರ ವಿಷಯದಲ್ಲಿ ಹಾಗಿರಲಿಲ್ಲ.

ದಾಖಲೆ ಹಾಕುವ ಪೋರ್ಟಲ್ ತೆರೆದು ನೋಡಿದೆವು. ಎಲ್ಲದರ ಮುಂದೆ ಹಸಿರು ಗುರುತು, ಸಂಬಳದ ಸ್ಲಿಪ್‌ಗಳ ಮುಂದೆ ಮಾತ್ರ Pending. ಸ್ಪ್ಯಾಮ್ ಫೋಲ್ಡರ್ ಹುಡುಕಿದರೆ, ಪೋರ್ಟಲಿನಿಂದ ತಾನಾಗಿ ಬಂದ ಮೇಲ್ ಒಂದು ಅಲ್ಲಿ ಬಿದ್ದಿತ್ತು. ಫೈಲ್ ತೆರೆಯಲು ಆಗುತ್ತಿಲ್ಲ, ಮತ್ತೆ ಕಳಿಸಿ ಅಂತ. ಹಳೆ ಆಫೀಸಿನ ಸ್ಲಿಪ್‌ಗಳಿಗೆ ಪಾಸ್‌ವರ್ಡ್ ಇತ್ತು. ಇವರ ಫೋನಿನಲ್ಲಿ ಸುಮ್ನೆ ತೆರೆದುಕೊಳ್ಳುತ್ತಿದ್ದ ಕಾರಣ ಅದು ತಲೆಗೇ ಬಂದಿರಲಿಲ್ಲ. ಪಾಸ್‌ವರ್ಡ್ ಹಾಕಿ ಫೈಲ್ ತೆರೆದು, ಪ್ರಿಂಟ್‌ಗೆ ಹೋಗಿ ಹೊಸ ಪಿಡಿಎಫ್ ಆಗಿ ಉಳಿಸಿದರೆ ಬೀಗವಿಲ್ಲದ ಪ್ರತಿ ಸಿಗುತ್ತದೆ. ಅಲ್ಲೇ ಕೂತು ಹಾಕಿದರು.

ಪೋರ್ಟಲಿಗೆ ಹಾಕಿದೊಡನೆ ಅದನ್ನು ಒಬ್ಬರು ತೆರೆದು ನೋಡಿಬಿಡುತ್ತಾರೆ ಅಂತ ಭರವಸೆ ಇಲ್ಲ. ಆದ್ದರಿಂದ ಗುರುವಾರ ಬೆಳಿಗ್ಗೆ ಮೊದಲು ಫೋನ್, ಆಮೇಲೆ ಮೇಲ್ ಅಂತ ಹೇಳಿದೆ. ನಂಬರ್ ಮೆಸೇಜಿನಲ್ಲಿ ಬಂದದ್ದಲ್ಲ, ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಇರುವುದು. ಫೋನ್ ಎತ್ತಿದವರಿಗೆ "ಸೋಮವಾರ ಸೇರುವವರ ದಾಖಲೆ ನೋಡಿಕೊಳ್ಳುವುದು ಯಾರು?" ಅಂತ ಕೇಳಬೇಕು. ಹೆಸರು, ಮೇಲ್ ವಿಳಾಸ ಬರೆದುಕೊಳ್ಳಬೇಕು. (ಪತ್ರ ಕೊಡಲು ಡೆಪಾಸಿಟ್ ಕಟ್ಟಿ, ಪರಿಶೀಲನೆಗೆ ದುಡ್ಡು ಕಳಿಸಿ ಅಂತ ಯಾರಾದರೂ ಅಂದರೆ ಅಲ್ಲಿಗೆ ಮಾತು ನಿಲ್ಲಿಸಿ. ಅಂಥ ಕೆಲಸವೇ ಇರುವುದಿಲ್ಲ. ಇವರನ್ನು ಯಾರೂ ದುಡ್ಡು ಕೇಳಿರಲಿಲ್ಲ, ಆದರೂ ಪ್ರತಿಯೊಬ್ಬರನ್ನೂ ಇದೊಂದು ಕೇಳಿಯೇ ಕೇಳುತ್ತೇನೆ.)

ಮೇಲ್ ಇಬ್ಬರೂ ಸೇರಿ ಬರೆದೆವು. ವಿಷಯದ ಸಾಲಿನಲ್ಲೇ ಹೆಸರು, ಆಫರ್ ಲೆಟರಿನ ನಂಬರ್, ಸೇರುವ ದಿನ. ಒಳಗೆ ಇಷ್ಟೇ:

"ಪಾಸ್‌ವರ್ಡ್ ಇದ್ದ ಕಾರಣ ತೆರೆಯದ ಸಂಬಳದ ಸ್ಲಿಪ್‌ಗಳನ್ನು ನಿನ್ನೆ ಸಂಜೆ ಮತ್ತೆ ಹಾಕಿದ್ದೇನೆ, ಇಲ್ಲಿಯೂ ಲಗತ್ತಿಸಿದ್ದೇನೆ. ನಾಳೆ ನನ್ನ ಈಗಿನ ಕಚೇರಿಯಲ್ಲಿ ಕೊನೆಯ ದಿನ. ಸೋಮವಾರವೇ ಸೇರಬೇಕೋ ಅಥವಾ ದಿನ ಬದಲಾಗುತ್ತದೋ, ನಾಳೆ ಮಧ್ಯಾಹ್ನದೊಳಗೆ ಮೇಲ್‌ನಲ್ಲಿ ತಿಳಿಸಿ. ಸೋಮವಾರವೇ ಆದರೆ, ನೇಮಕಾತಿ ಪತ್ರ ಯಾವಾಗ ಸಿಗುತ್ತದೆ ಎಂದೂ ತಿಳಿಸಿ."

"ಅಪ್‌ಡೇಟ್ ಇದೆಯಾ" ಅನ್ನುವುದಕ್ಕೂ ಇದಕ್ಕೂ ವ್ಯತ್ಯಾಸ ನೋಡಿ. ಮೊದಲನೆಯದಕ್ಕೆ ಪ್ರಾಸೆಸ್ ಅಂತ ಉತ್ತರ ಕೊಟ್ಟು ಪಾರಾಗಬಹುದು. ಎರಡನೆಯದಕ್ಕೆ ಹೌದು, ಇಲ್ಲ, ಅಥವಾ ಒಂದು ತಾರೀಕು ಕೊಡಲೇಬೇಕು. ಕೆಲಸ ಬಿಡುತ್ತಿರುವವರು ಸೇರುವ ದಿನ ಯಾವುದು ಅಂತ ಕೇಳುವುದರಲ್ಲಿ ಕಿರಿಕಿರಿ ಏನಿದೆ? ಅದನ್ನು ಕೇಳಿದ್ದಕ್ಕೇ ಆಫರ್ ಹೋಗುವಂತಿದ್ದರೆ ಆ ಕೆಲಸ ಮೊದಲೇ ಗಟ್ಟಿ ಇರಲಿಲ್ಲ ಅಂತಲೇ ಅರ್ಥ.

ಹಳೆ ಆಫೀಸಿನ ವಿಷಯದಲ್ಲಿ ಆಕೆಗೆ ಇನ್ನೊಂದು ಯೋಚನೆ ಬಂದಿತ್ತು: ರಾಜೀನಾಮೆ ವಾಪಸ್ ತಗೊಳ್ಳೋಣ ಅಂತ. ಬೇಡ ಅಂದೆ. ಪತ್ರ ತಡವಾಗಿದೆ ಅಷ್ಟೇ, ಇಲ್ಲ ಅಂತ ಯಾರೂ ಹೇಳಿಲ್ಲ. ವಾಪಸ್ ಕೇಳಿ ಅವರು ಒಪ್ಪಿ, ಮಾರನೇ ದಿನ ಹೊಸ ಪತ್ರ ಬಂದರೆ ಎರಡೂ ಕಡೆ ಮುಖ ತೋರಿಸಲು ಆಗುವುದಿಲ್ಲ. ಅದರ ಬದಲು ಮ್ಯಾನೇಜರ್‌ಗೆ ಬಾಯಲ್ಲೇ ಒಂದು ಮಾತು ಕೇಳಿ: "ಅಲ್ಲಿ ಸೇರುವ ದಿನ ಮುಂದಕ್ಕೆ ಹೋದರೆ, ನನ್ನ ಕೊನೆಯ ದಿನವನ್ನೂ ಎರಡು ಮೂರು ದಿನ ಮುಂದೂಡಲು ಸಾಧ್ಯವೇ?" ಇಲ್ಲ ಅಂದರೂ ನಷ್ಟವಿಲ್ಲ, ಮಧ್ಯೆ ಎಷ್ಟು ದಿನದ ಸಂಬಳ ಹೋಗಬಹುದು ಅಂತ ಲೆಕ್ಕ ಸಿಗುತ್ತದೆ.

ಶುಕ್ರವಾರವೂ ಉತ್ತರ ಬಾರದಿದ್ದರೆ? ಆಗ ಸೋಮವಾರ ಹೋಗಲೇಬೇಕು. ಪತ್ರ ಬಂದಿಲ್ಲ ಅಂತ ಮನೆಯಲ್ಲಿ ಕೂತರೆ "ಅಭ್ಯರ್ಥಿ ಸೇರಲಿಲ್ಲ" ಅಂತ ಬರೆದುಕೊಳ್ಳುವ ಸಾಧ್ಯತೆ ಇದೆ. ಒಪ್ಪಿದ ಆಫರ್ ಲೆಟರ್, ಕಳಿಸಿದ ಮೇಲ್, ಗುರುತಿನ ಚೀಟಿ ಪ್ರಿಂಟ್ ಮಾಡಿಕೊಂಡು ಹೋಗುವುದು, ಯಾರನ್ನು ಕಂಡೆ ಅಂತ ಸಂಜೆ ಒಂದು ಮೇಲ್ ಹಾಕುವುದು. ಇಷ್ಟು ಗೊತ್ತಾದ ಮೇಲೆ ಆಕೆಯ ಭುಜ ಸ್ವಲ್ಪ ಸಡಿಲವಾಯಿತು. ಮೇಲ್ ನೋಡುವುದು ದಿನಕ್ಕೆ ಮೂರು ಸಲ, ಗೊತ್ತುಮಾಡಿದ ಹೊತ್ತಿಗೆ ಅಂತ ಒಪ್ಪಂದವೂ ಆಯಿತು. ಅದನ್ನು ಅವರು ಪಾಲಿಸಲಿಲ್ಲ, ಇರಲಿ.

ಶುಕ್ರವಾರ ಊಟದ ಹೊತ್ತಿಗೆ ಉತ್ತರ ಬಂತು. ಪರಿಶೀಲನೆ ಮುಗಿದಿದೆ, ಸಹಿಗೆ ಎರಡು ಕೆಲಸದ ದಿನ ಬೇಕು, ಸೇರುವ ದಿನ ಬುಧವಾರ. ಹಳೆ ಆಫೀಸು ದಿನ ಮುಂದೂಡಲು ಒಪ್ಪಲಿಲ್ಲ. ಎರಡು ದಿನದ ಸಂಬಳ ಹೋಯಿತು.

ಪತ್ರ ಮಂಗಳವಾರ ಸಂಜೆ ಬಂತು. ಸಹಿ ಹಾಕುವ ಮೊದಲು ಆಫರ್ ಲೆಟರ್ ಪಕ್ಕದಲ್ಲಿಟ್ಟು ಹುದ್ದೆ, ಸಂಬಳ, ಪ್ರೊಬೇಷನ್, ನೋಟಿಸ್ ಅವಧಿ ಹೋಲಿಸಿ ನೋಡಿ ಅಂತ ಮೊದಲೇ ಹೇಳಿದ್ದೆ. ಕಾದು ಕಾದು ಸುಸ್ತಾದವರು ಬಂದ ಕಾಗದಕ್ಕೆ ಕಣ್ಣುಮುಚ್ಚಿ ಸಹಿ ಹಾಕುವುದು ಜಾಸ್ತಿ. ಆಕೆ ನೋಡಿದರು. ಆಫರ್‌ನಲ್ಲಿ ಒಂದು ತಿಂಗಳಿದ್ದ ನೋಟಿಸ್ ಅವಧಿ ಇಲ್ಲಿ ಮೂರು ತಿಂಗಳಾಗಿತ್ತು. ಆ ಸಾಲನ್ನೇ ಎತ್ತಿ ಬರೆದು, ಯಾವುದು ಸರಿ ಅಂತ ಕೇಳಿದರು. ಪ್ರೊಬೇಷನ್ ಮುಗಿಯುವವರೆಗೆ ಒಂದು ತಿಂಗಳು, ಆಮೇಲೆ ಮೂರು ಅಂತ ಎಚ್‌ಆರ್ ಮೇಲ್‌ನಲ್ಲೇ ಉತ್ತರ ಕೊಟ್ಟಿತು. ಆ ಮೇಲನ್ನು ಪತ್ರದ ಜೊತೆಗೇ ಉಳಿಸಿಕೊಂಡು, ಬುಧವಾರ ಬೆಳಿಗ್ಗೆ ಸಹಿ ಹಾಕಿ ಸೇರಿದರು.