ಸಮಾಂತರ ಶ್ರೇಢಿಯಲ್ಲಿ ಪದಗಳ ಸಂಖ್ಯೆ ಒಂದು ಕಡಿಮೆ ಬರುವುದೇಕೆ?

ಪ್ರಶ್ನೆ: 7ರಿಂದ ಭಾಗವಾಗುವ ಮೂರಂಕಿ ಸಂಖ್ಯೆಗಳು ಎಷ್ಟು? ನನಗೆ 127 ಬಂತು, ಉತ್ತರ 128 ಅಂತಿದೆ. ಎಲ್ಲಿ ತಪ್ಪಿದೆ?

ಉತ್ತರ: ನೀವು (994 − 105) ÷ 7 = 127 ಎಂದು ಮಾಡಿರಬೇಕು. ಲೆಕ್ಕ ಸರಿ, ಆದರೆ ಅದು ಎಣಿಸಿದ್ದು ಜಿಗಿತಗಳನ್ನು, ಪದಗಳನ್ನಲ್ಲ. 105, 112, 119 ಅನ್ನೇ ನೋಡಿ: ಸಂಖ್ಯೆ ಮೂರು, ನಡುವಿನ ಜಿಗಿತ ಎರಡೇ. ಬೇಲಿಯ ಕಂಬಕ್ಕೂ ಅಂತರಕ್ಕೂ ಇರುವ ಲೆಕ್ಕವೇ ಇದು. 105ಕ್ಕೆ ಬರಲು ಯಾವ ಜಿಗಿತವೂ ಬೇಕಿಲ್ಲ, ಹಾಗಾಗಿ ಅದು ಎಣಿಕೆಯಿಂದ ಬಿಟ್ಟುಹೋಯಿತು. ಸೂತ್ರದಲ್ಲಿ n − 1 ಇರುವುದು ಇದಕ್ಕೇ:

994 = 105 + (n − 1) × 7

ಇಲ್ಲಿ 127 ಅನ್ನುವುದು n − 1ರ ಬೆಲೆ. n = 128.

ಹಾಗಂತ ಎಲ್ಲ ಕಡೆ ಸುಮ್ನೆ 1 ಕೂಡಿಸಬೇಡಿ. ಇದನ್ನೇ ಇನ್ನೊಂದು ದಾರಿಯಲ್ಲಿ ಮಾಡೋಣ. 999ರವರೆಗೆ 7ರ ಗುಣಕಗಳು 142. 99ರವರೆಗೆ 14. ಕಳೆದರೆ ನೇರವಾಗಿ 128. ಇಲ್ಲಿ ಕಳೆದದ್ದು 105ರ ಹಿಂದಿನವುಗಳನ್ನು ಮಾತ್ರ, 105 ಎಣಿಕೆಯಲ್ಲೇ ಉಳಿದಿದೆ. ಮತ್ತೆ 1 ಕೂಡಿಸಿದರೆ 129 ಆಗಿ ತಪ್ಪುತ್ತದೆ.

ಮೊತ್ತ ಕೇಳಿದಾಗ ಈ ತಪ್ಪು ಕೆಲವೊಮ್ಮೆ ತಾನೇ ಸಿಕ್ಕಿಬೀಳುತ್ತದೆ. n = 127 ಹಾಕಿದರೆ 127 ÷ 2 × (105 + 994) = 69786.5. ಪೂರ್ಣ ಸಂಖ್ಯೆಗಳನ್ನು ಕೂಡಿದರೆ ಅರ್ಧ ಬರಲ್ಲ ಅಲ್ವಾ? 128 ಹಾಕಿದರೆ 70336. ಎಲ್ಲ ಲೆಕ್ಕದಲ್ಲೂ ಹೀಗೆ ಅರ್ಧ ಕಾಣಿಸುವುದಿಲ್ಲ. ಅದಕ್ಕೇ ನಾನು ಮೊದಲ ಮೂರು ಪದ ಬರೆದು, ನನ್ನ ವಿಧಾನ 3 ಕೊಡುತ್ತದೆಯೇ ಎಂದು ನೋಡಿಕೊಂಡೇ ಮುಂದೆ ಹೋಗುತ್ತೇನೆ.