ಮಾರಾಟವಾಗದೆ ಉಳಿದ ಕರಿ ಕಂಬಳಿಗಳು

ಪ್ರಶ್ನೆ: ನಾನು ಬಿ.ಕಾಂ. ವಿದ್ಯಾರ್ಥಿ. ‘ಪೊಸಿಷನಿಂಗ್’ ಎಂದರೆ ಜಾಹೀರಾತೇ, ಬೆಲೆಯೇ, ಬೇರೇನಾದರೂ ಇದೆಯೇ? ನೋಟ್ಸ್ ಓದಿದರೆ ತಲೆಗೆ ಹತ್ತುತ್ತಿಲ್ಲ. ಸಣ್ಣ ಊರಿನ ಅಂಗಡಿಯ ಕಥೆಯಂತೆ ಯಾರಾದರೂ ಹೇಳುತ್ತೀರಾ?

ಹಿರಿಯೂರಿನಲ್ಲಿ ನನ್ನ ಸೋದರಮಾವನದು ಜವಳಿ ಅಂಗಡಿ. ನಾನು ಎಂ.ಬಿ.ಎ. ಓದುತ್ತಿದ್ದಾಗ ರಜೆಯಲ್ಲಿ ಅಲ್ಲೇ ಕೂರುತ್ತಿದ್ದೆ. ಆ ವರ್ಷ ಚಳ್ಳಕೆರೆ ಕಡೆಯ ನೇಕಾರರೊಬ್ಬರು ಹಳೆಯ ಬಾಕಿಗೆ ಬದಲಾಗಿ ನಲವತ್ತು ಕರಿ ಕಂಬಳಿಗಳನ್ನು ಮಾವನಿಗೆ ಕೊಟ್ಟು ಹೋಗಿದ್ದರು. ಗುಂಡಿಮಗ್ಗದಲ್ಲಿ ನೇಯ್ದ, ಬಣ್ಣ ಹಾಕದ ಕುರಿ ಉಣ್ಣೆಯ ಕಂಬಳಿ. ನೇಯುವಾಗ ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಕೊಡುವುದರಿಂದ ಹೊಸ ಕಂಬಳಿ ರಟ್ಟಿನಂತೆ ಸೆಟೆದು ನಿಲ್ಲುತ್ತದೆ, ಮುಟ್ಟಿದರೆ ಚುಚ್ಚುತ್ತದೆ.

ಮಾವ ಅವನ್ನು ಹೊದಿಕೆಗಳ ಕಪಾಟಿನಲ್ಲಿ ಜೋಡಿಸಿದರು. ಪಕ್ಕದಲ್ಲೇ ಪಾಣಿಪತ್ತಿನಿಂದ ಬಂದ ಮಿಂಕ್ ಬ್ಲಾಂಕೆಟ್‌ಗಳು. ದೊಡ್ಡ ಗುಲಾಬಿ ಹೂವಿನ ಚಿತ್ರ, ಜಿಪ್ ಇರುವ ಪಾರದರ್ಶಕ ಚೀಲ, ಕೈಯಿಟ್ಟರೆ ಬೆಕ್ಕಿನ ಬೆನ್ನು ಸವರಿದ ಹಾಗೆ ನುಣುಪು. ಅದರ ಬೆಲೆ 700 ರೂಪಾಯಿ, ಕಂಬಳಿಯದು 1,400. ಬಂದವರು ಎರಡನ್ನೂ ಮುಟ್ಟಿ ನೋಡುತ್ತಿದ್ದರು. ‘ಇದು ಚುಚ್ಚುವುದಿಲ್ಲವೇ? ವಾಷಿಂಗ್ ಮೆಷಿನ್‌ಗೆ ಹಾಕಬಹುದೇ?’ ಎಂದು ಕೇಳಿ, ಮಿಂಕ್ ತೆಗೆದುಕೊಂಡು ಹೋಗುತ್ತಿದ್ದರು. ಮಾವ ಬೆಲೆಯನ್ನು 1,100ಕ್ಕೆ, ಆಮೇಲೆ 900ಕ್ಕೆ ಇಳಿಸಿದರು. ಒಂದೂ ಹೋಗಲಿಲ್ಲ. ‘ಇಷ್ಟು ಇಳಿಸಿದ್ದೀರೆಂದರೆ ಹಳೇ ಮಾಲೇ ಇರಬೇಕು’ ಎಂದು ಒಬ್ಬರು ಹೇಳಿಯೇಬಿಟ್ಟರು.

ಒಂದು ದಿನ ಮಗನ ಮದುವೆಯ ಬಟ್ಟೆ ತೆಗೆಯಲು ಹಿರಿಯರೊಬ್ಬರು ಬಂದರು. ಪಂಚೆ, ಶಲ್ಯ, ರುಮಾಲು ಎಲ್ಲ ಕಟ್ಟಿಸಿಕೊಂಡು ಏಳುವಾಗ, ‘ಗದ್ದಿಗೆಗೆ ಒಂದು ಕರಿ ಕಂಬಳಿ ಬೇಕಿತ್ತು ಸಾಹುಕಾರರೇ, ಯಾವ ಊರಲ್ಲಿ ಸಿಗುತ್ತದೆ?’ ಎಂದು ಕೇಳಿದರು. ಕಂಬಳಿಗಳು ಅವರಿಂದ ಹತ್ತು ಅಡಿ ದೂರದಲ್ಲಿದ್ದವು. ಹೊದಿಕೆಗಳ ಕಪಾಟಿನತ್ತ ನೋಡುವ ಕಾರಣವೇ ಅವರಿಗಿರಲಿಲ್ಲ.

ನಮ್ಮ ಕಡೆ ಕುರುಬರ ಮನೆಗಳಲ್ಲಿ ಮದುವೆಗೂ ಬೀರಪ್ಪನ ಪೂಜೆಗೂ ಕರಿ ಕಂಬಳಿ ಹಾಸಿ ಗದ್ದಿಗೆ ಹಾಕುತ್ತಾರೆ. ಮಾವ ಒಂದು ಕಂಬಳಿ ತಂದು ಮುಂದೆ ಹಾಸಿದರು. ಅಜ್ಜ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನುಸಿ ಹೊಡೆದ ತೂತಿದೆಯೇ ಎಂದು ಉದ್ದಕ್ಕೂ ನೋಡಿದರು. ಅಂಚು ಸವರಿದರು, ಬಿಳಿ ಕೂದಲು ಸೇರಿದೆಯೇ ಎಂದು ಹುಡುಕಿದರು. ಕೊನೆಗೆ ಕುಚ್ಚಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿದರು. ಕೂದಲು ಸುಟ್ಟ ವಾಸನೆ ಬಂತು, ಉರಿ ತಾನೇ ಆರಿತು, ಉಳಿದ ಕರಿಯನ್ನು ಬೆರಳಲ್ಲಿ ಒತ್ತಿದಾಗ ಪುಡಿಯಾಯಿತು. ‘ಉಣ್ಣೆಯೇ’ ಎಂದರು. ಅಕ್ರಿಲಿಕ್ ನೂಲಾಗಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತಿತ್ತು. ಚುಚ್ಚುತ್ತದೆಯೇ ಎಂದು ಅವರು ಕೇಳಲಿಲ್ಲ, ಮಿಂಕ್‌ನ ಬೆಲೆಯನ್ನೂ ಎತ್ತಲಿಲ್ಲ. ಮಾವ 1,400 ಎಂದರು, ಅಜ್ಜ ಎಣಿಸಿ ಕೊಟ್ಟರು.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಕಂಬಳಿಯಲ್ಲಿ ಒಂದು ಎಳೆಯೂ ಬದಲಾಗಲಿಲ್ಲ. ಬದಲಾದದ್ದು ಗಿರಾಕಿ ಅದನ್ನು ಯಾವುದರ ಜೊತೆಗಿಟ್ಟು ತೂಗಿದರು ಎಂಬುದು. ಹೊದಿಕೆ ಎಂದು ನೋಡಿದಾಗ ಅದರ ಎದುರಾಳಿ ಮಿಂಕ್, ಅಳತೆಗೋಲು ನುಣುಪು ಮತ್ತು ಬೆಲೆ. ಆ ಪಂದ್ಯದಲ್ಲಿ ಅದು ಎಂದೂ ಗೆಲ್ಲುವಂತಿರಲಿಲ್ಲ. ಗದ್ದಿಗೆಗೆ ಎಂದು ನೋಡಿದಾಗ ಎದುರಾಳಿ ಎಂದರೆ ಬೇರೆ ಊರಿಗೆ ಹೋಗಿ ಹುಡುಕುವ ಓಡಾಟ ಅಥವಾ ಕಲಬೆರಕೆ ನೂಲಿನ ಕಂಬಳಿ. ಅಳತೆಗೋಲು ಶುದ್ಧ ಉಣ್ಣೆ, ಕರಿ ಬಣ್ಣ, ಹೊಸತನ. ಅಮೆರಿಕದ ಜಾಹೀರಾತು ತಜ್ಞ ಜ್ಯಾಕ್ ಟ್ರೌಟ್ 1969ರಲ್ಲಿ, ಮುಂದೆ ಆಲ್ ರೀಸ್ ಜೊತೆ ಸೇರಿ 1972ರಲ್ಲಿ ‘ಪೊಸಿಷನಿಂಗ್’ ಬಗ್ಗೆ ಬರೆದಾಗ ಒತ್ತಿ ಹೇಳಿದ್ದು ಇದನ್ನೇ: ಕೆಲಸ ನಡೆಯುವುದು ಸರಕಿನ ಮೇಲಲ್ಲ, ಕೊಳ್ಳುವವರ ಮನಸ್ಸಿನೊಳಗೆ. ಜಾಹೀರಾತು, ಬೆಲೆ, ಅಂಗಡಿಯಲ್ಲಿನ ಜಾಗ, ಎಲ್ಲವೂ ಆ ಮನಸ್ಸಿನಲ್ಲಿ ಯಾವ ಸ್ಥಾನ ಹಿಡಿಯಬೇಕು ಎಂಬ ತೀರ್ಮಾನ ಆದ ಮೇಲೆ ಅದರ ಹಿಂದೆ ಬರುವವು.

ಮಾವ ಮಾಡಿದ್ದು ಅದೇ ಕ್ರಮದಲ್ಲಿ. ಅಂದು ಸಂಜೆಯೇ ಕಂಬಳಿಗಳನ್ನು ಪಂಚೆ, ರುಮಾಲು, ಬಾಸಿಂಗಗಳ ಪಕ್ಕಕ್ಕೆ ತಂದರು. ರಿಯಾಯಿತಿ ಚೀಟಿ ಕಿತ್ತು 1,400ನ್ನೇ ಮರಳಿ ಬರೆದರು. ‘ಮದುವೆಗೆ, ಗದ್ದಿಗೆಗೆ ಶುದ್ಧ ಉಣ್ಣೆಯ ಕರಿ ಕಂಬಳಿ’ ಎಂದು ಒಂದೇ ಸಾಲಿನ ಹಲಗೆ ಬರೆಸಿದರು. ಸುತ್ತಲಿನ ಊರುಗಳ ಪೂಜಾರಿಗಳಿಗೆ ಸುದ್ದಿ ಮುಟ್ಟಿಸಿದರು, ಏಕೆಂದರೆ ಮದುವೆ ಮನೆಯವರು ‘ಕಂಬಳಿ ಎಲ್ಲಿ ತರುವುದು’ ಎಂದು ಕೇಳುವುದು ಅವರನ್ನೇ.

ಹಲಗೆ ಬರೆಸುವಾಗ ನಾನು ಕೇಳಿದೆ: ‘ಮಾವ, ಚಳಿಗೂ ಒಳ್ಳೆಯದು, ಬೆನ್ನುನೋವಿಗೂ ಒಳ್ಳೆಯದು ಎಂದು ಸೇರಿಸಬಾರದೇ? ಇನ್ನೂ ನಾಲ್ಕು ಜನ ಬರುತ್ತಾರಲ್ಲ.’

‘ಚಳಿಗೆ ಎಂದರೆ ಮತ್ತೆ ಮಿಂಕ್ ಪಕ್ಕಕ್ಕೆ ಹೋಗಿ ಕೂತುಕೊಳ್ಳುತ್ತದಪ್ಪಾ. ಬೆನ್ನುನೋವಿಗೆ ಎಂದರೆ ನಾಳೆ ವಾಸಿಯಾಗಲಿಲ್ಲ ಎಂದು ಬಂದು ನಿಲ್ಲುತ್ತಾರೆ. ದೇವರ ಕೆಲಸಕ್ಕೆ ತೆಗೆದುಕೊಳ್ಳುವವನು ಈ ಮೂರನ್ನೂ ಒಟ್ಟಿಗೆ ಓದಿದರೆ ಯಾವುದನ್ನೂ ನಂಬುವುದಿಲ್ಲ’ ಎಂದರು.

ಪಠ್ಯಪುಸ್ತಕಗಳು ಅವಸರದಲ್ಲಿ ದಾಟಿಹೋಗುವ ಭಾಗ ಇದು ಎಂದು ನನ್ನ ಅಭಿಪ್ರಾಯ. ಒಂದು ಸ್ಥಾನ ಹಿಡಿಯಬೇಕಾದರೆ ಕಣ್ಣೆದುರಿಗೆ ಕಾಣುವ ಕೆಲವು ಗಿರಾಕಿಗಳನ್ನು ಬೇಕೆಂದೇ ಬಿಡಬೇಕಾಗುತ್ತದೆ. ಆ ಚಳಿಗಾಲದಲ್ಲಿ ಹೊದಿಕೆ ಕೇಳಿ ಬಂದವರಿಗೆ ಮಾವ ಕಂಬಳಿಯನ್ನು ತೋರಿಸಲೇ ಇಲ್ಲ.

ಸ್ಥಾನ ಸರಿಯಿದೆಯೇ ಎಂದು ತಿಳಿಯಲು ದೊಡ್ಡ ಸಮೀಕ್ಷೆ ಬೇಕಿಲ್ಲ, ಗಿರಾಕಿಯ ಮೊದಲ ಪ್ರಶ್ನೆಗೆ ಕಿವಿಗೊಡಿ. ‘ಚುಚ್ಚುತ್ತದೆಯೇ?’ ಎಂದರೆ ಅವರು ನಿಮ್ಮನ್ನು ಮಿಂಕ್ ಜೊತೆ ಹೋಲಿಸುತ್ತಿದ್ದಾರೆ. ‘ಪೂರ್ತಿ ಉಣ್ಣೆಯೇ?’ ಎಂದರೆ ನಿಮಗೆ ಬೇಕಾದ ಜಾಗದಲ್ಲಿ ನಿಲ್ಲಿಸಿದ್ದಾರೆ. ‘ಇನ್ನೆಷ್ಟು ಕಡಿಮೆ ಮಾಡುತ್ತೀರಿ?’ ಎಂಬುದೇ ಮೊದಲ ಮಾತಾದರೆ, ನಿಮ್ಮ ಸರಕಿಗೆ ಅವರ ಮನಸ್ಸಿನಲ್ಲಿ ಇನ್ನೂ ಜಾಗವೇ ಸಿಕ್ಕಿಲ್ಲ.

ಇದಕ್ಕೆ ಮಿತಿಯೂ ಇದೆ. ನಲವತ್ತರಲ್ಲಿ ಆರು ಕಂಬಳಿಗಳಿಗೆ ನುಸಿ ಹಿಡಿದಿತ್ತು. ಯಾವ ಹಲಗೆಯೂ ಅವನ್ನು ಗದ್ದಿಗೆಗೆ ಏರಿಸಲಾರದು. ಮಾವ ಅವನ್ನು ಬೇರೆ ತೆಗೆದು, ತೂತು ತೋರಿಸಿಯೇ, ಕಣದಲ್ಲಿ ಹಾಸಲೆಂದು 300 ರೂಪಾಯಿಗೆ ಕೊಟ್ಟರು. ಕಲಸಿಟ್ಟಿದ್ದರೆ ಒಂದು ಮದುವೆ ಮನೆಯಲ್ಲಿ ತೂತು ಕಂಡರೂ ಸಾಕು, ಪೂಜಾರಿಗಳ ಬಾಯಿಂದಲೇ ಉಳಿದವುಗಳ ಮಾರಾಟವೂ ನಿಲ್ಲುತ್ತಿತ್ತು. ಜೊತೆಗೆ ಈ ಮಾರುಕಟ್ಟೆ ಚಿಕ್ಕದು. ಒಂದು ಮದುವೆಗೆ ಒಂದು ಕಂಬಳಿ, ಆಷಾಢ ಬಂದರೆ ಅದೂ ಇಲ್ಲ. ಲಗ್ನಗಳ ಕಾಲ ಮುಗಿಯುವಾಗ ಇನ್ನೂ ಏಳು ಉಳಿದಿದ್ದವು.

ಮುಂದಿನ ಸಲ ಆ ನೇಕಾರರು ಬಂದಾಗ ಮಾವ ನಲವತ್ತು ಬೇಡವೆಂದರು. ಕೇಳಿದ್ದು ಇಪ್ಪತ್ತು, ಅದೂ ತಮ್ಮ ಷರತ್ತಿನ ಮೇಲೆ: ಅಕ್ರಿಲಿಕ್ ಎಳೆ ಸೇರಿಸಬಾರದು, ಬಿಳಿ ಕೂದಲು ಆರಿಸಿ ತೆಗೆದಿರಬೇಕು, ಅಂಚು ಒತ್ತಾಗಿರಬೇಕು. ಮೆತ್ತಗೆ ಮಾಡಿಕೊಡಲೇ ಎಂದು ನೇಕಾರರು ಕೇಳಿದಾಗ, ಅದಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡುವುದಿಲ್ಲ ಎಂದರು.