ಊರಿನ ಹೆಸರೋ, ಕಥೆಯ ಎಳೆಯೋ: ಒಂದು ವ್ಲಾಗ್ ಶೀರ್ಷಿಕೆಯ ಬಗ್ಗೆ

*ಮಾನ್ಯ ಸಂಪಾದಕರಿಗೆ, ಐಸ್‌ಲ್ಯಾಂಡ್ ಪ್ರವಾಸದ ನನ್ನ ವ್ಲಾಗ್ ಸರಣಿಯ ಮೂರನೆಯ ಕಂತಿನ ಬರಹವನ್ನು ಕಳುಹಿಸುತ್ತಿದ್ದೇನೆ. ವೀಡಿಯೊ 18 ನಿಮಿಷದ್ದು. ವೀಕ್ ಎಂಬ ಊರಿನಿಂದ ಹಾಫ್ನ್ ಎಂಬ ಊರಿನ ಕಡೆಗೆ ಹೋಗುವಾಗ ಗಾಳಿಯ ಹೊಡೆತಕ್ಕೆ ಬಾಡಿಗೆ ಕಾರಿನ ಬಾಗಿಲು ತಿರುಚಿಕೊಂಡಿತು. ಅದನ್ನು ಹಗ್ಗದಿಂದ ಕಟ್ಟಿಕೊಂಡೇ ಪ್ರಯಾಣ ಮುಗಿಸಿದೆವು. ಶೀರ್ಷಿಕೆಗೆ ನಾಲ್ಕು ಆಯ್ಕೆಗಳಿವೆ: "Iceland Ring Road Kannada Vlog | Day 3", "ಗಾಳಿ ಕಿತ್ತುಕೊಂಡ ಬಾಗಿಲು", "ಐಸ್‌ಲ್ಯಾಂಡ್: ಬೆಂಕಿ ಮತ್ತು ಹಿಮದ ನಾಡು", "ಇದನ್ನು ನೋಡದೆ Iceland ಗೆ ಹೋಗಬೇಡಿ!!". ಜಾಗದ ಹೆಸರು ಮುಂದಿರದಿದ್ದರೆ ಯಾರಿಗೂ ಸಿಗುವುದಿಲ್ಲ ಎಂದು ಗೆಳೆಯರು ಹೇಳುತ್ತಾರೆ. ನನಗೆ ಎರಡನೆಯದೇ ಇಷ್ಟ. ಯಾವುದನ್ನು ಇಡಲಿ?*

ನಮಸ್ಕಾರ. ಬರಹವನ್ನು ಎರಡು ಬಾರಿ ಓದಿದೆ. ನಾಲ್ಕರಲ್ಲಿ ಯಾವುದನ್ನೂ ಇರುವ ಹಾಗೆಯೇ ಬಳಸಬೇಡಿ ಎಂಬುದು ನನ್ನ ಸಲಹೆ.

ಮೂರನೆಯದನ್ನು ಮೊದಲು ಬದಿಗಿಡೋಣ. ಅದು ಪ್ರವಾಸೋದ್ಯಮದ ಕರಪತ್ರಗಳಲ್ಲಿ ಸವೆದುಹೋದ ಮಾತು, ನಿಮ್ಮ ಪ್ರಯಾಣದ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ನಾಲ್ಕನೆಯದು ಬೆದರಿಸಿ ಕರೆಯುತ್ತದೆ. ಪ್ರವಾಸಕ್ಕೆ ಹೊರಟವರಿಗೆ ಎಚ್ಚರಿಕೆಗಳ ಪಟ್ಟಿಯೇ ಇದೆಯೆಂದು ನಂಬಿಸುತ್ತದೆ, ಆದರೆ ನಿಮ್ಮ ಬರಹದಲ್ಲಿ ಅಂಥ ಪಟ್ಟಿ ಇಲ್ಲ. ನಿಜವಾದ ಸ್ಪರ್ಧೆ ಇರುವುದು ಮೊದಲನೆಯದಕ್ಕೂ ಎರಡನೆಯದಕ್ಕೂ.

ನಿಮ್ಮ ಗೆಳೆಯರ ಮಾತು ಅರ್ಧ ಸರಿ. ಯೂಟ್ಯೂಬಿನಲ್ಲಿ ವೀಕ್ಷಕರು ಮುಖ್ಯವಾಗಿ ಎರಡು ರೀತಿಯಲ್ಲಿ ನಿಮ್ಮನ್ನು ತಲುಪುತ್ತಾರೆ: ಹುಡುಕಾಟದ ಪೆಟ್ಟಿಗೆಯಲ್ಲಿ ಏನನ್ನೋ ಬರೆದು ಬರುವವರು ಕೆಲವರು, ಏನನ್ನೂ ಹುಡುಕದೆ ಮುಖಪುಟದಲ್ಲೋ ಬೇರೊಂದು ವೀಡಿಯೊದ ಪಕ್ಕದಲ್ಲೋ ನಿಮ್ಮ ಚಿತ್ರವನ್ನು ಕಂಡು ಒತ್ತುವವರು ಇನ್ನು ಕೆಲವರು. ಜಾಗದ ಹೆಸರು ಮೊದಲನೆಯವರನ್ನು ಕರೆತರುತ್ತದೆ, ಕಥೆಯ ಎಳೆ ಎರಡನೆಯವರನ್ನು. ಆದರೆ ಗೆಳೆಯರು ಮರೆತ ಸಂಗತಿಯೊಂದಿದೆ. ಹುಡುಕುಪದವೂ ವೀಕ್ಷಕರಿಗೆ ನಾವು ಕೊಡುವ ಒಂದು ಮಾತೇ. "Iceland Ring Road" ಎಂದು ಬರೆದು ಹುಡುಕುವವರಿಗೆ ಬೇಕಾಗಿರುವುದು ದೇಶವನ್ನು ಸುತ್ತುವರಿದ ಸುಮಾರು 1,300 ಕಿ.ಮೀ. ಉದ್ದದ ಆ ಹೆದ್ದಾರಿಯನ್ನು ಎಷ್ಟು ದಿನಗಳಲ್ಲಿ ಸುತ್ತಬಹುದು, ಎಲ್ಲಿ ತಂಗಬೇಕು, ಯಾವ ಕಾಲದಲ್ಲಿ ದಾರಿ ತೆರೆದಿರುತ್ತದೆ ಎಂಬ ಮಾಹಿತಿ. ನಿಮ್ಮ ಕಂತಿನಲ್ಲಿ ಇರುವುದು ಅದರ ಒಂದು ತುಂಡು, ಅದೂ ಹೆಚ್ಚಾಗಿ ಬಾಗಿಲಿನ ಪಾಡು. ಹಾಗೆ ಬಂದವರು ಒಂದು ನಿಮಿಷದೊಳಗೆ ಹೊರಟುಹೋಗುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಇನ್ನು "Day 3" ಎಂಬುದು, ಹಿಂದಿನ ಎರಡು ದಿನಗಳನ್ನು ನೋಡಿರದ ಹೊಸಬರಿಗೆ ತಾವು ತಡವಾಗಿ ಬಂದೆವು ಎನಿಸುವಂತೆ ಮಾಡುತ್ತದೆ. ಕಂತಿನ ಸಂಖ್ಯೆಯನ್ನು ಪ್ಲೇಲಿಸ್ಟಿನಲ್ಲಿ, ವಿವರಣೆಯಲ್ಲಿ ಇಡಿ.

ನಿಮಗೆ ಇಷ್ಟವಾದ ಎರಡನೆಯದರ ತೊಂದರೆ ಬೇರೆ. "ಗಾಳಿ ಕಿತ್ತುಕೊಂಡ ಬಾಗಿಲು" ಕವನ ಸಂಕಲನಕ್ಕೆ ಒಪ್ಪುವ ಹೆಸರು. ಅದು ಮನೆಯ ಬಾಗಿಲೋ ಕಾರಿನದೋ, ಸುದ್ದಿಯೋ ಕಥೆಯೋ, ಯಾವ ದೇಶದ್ದೋ ಅದರಿಂದ ತಿಳಿಯುವುದಿಲ್ಲ. ಜೊತೆಗೆ, ಗಾಳಿ ಬಾಗಿಲನ್ನು ಕಿತ್ತುಕೊಂಡೇ ಇಲ್ಲ. ನಿಮ್ಮ ಬರಹದ ಪ್ರಕಾರ ಅದರ ಕೀಲು ತಿರುಚಿಕೊಂಡಿತು, ಬಾಗಿಲು ಮುಚ್ಚಲಿಲ್ಲ. ಥಂಬ್‌ನೇಲಿನಲ್ಲಿ ಬಾಗಿಲು ಕಾರಿಗೇ ಅಂಟಿಕೊಂಡಿರುವುದು ಕಂಡರೆ ಶೀರ್ಷಿಕೆ ಸುಳ್ಳಾಗುತ್ತದೆ.

ವಾಸ್ತವದಲ್ಲಿ ನಿಮ್ಮ ಎಳೆ ನೀವು ಬರೆದದ್ದಕ್ಕಿಂತ ಗಟ್ಟಿಯಾಗಿದೆ. ಬಾಗಿಲು ಕೆಟ್ಟ ಆ ಒಂದು ಗಳಿಗೆ ಘಟನೆ ಮಾತ್ರ. ಮುಚ್ಚದ ಬಾಗಿಲನ್ನು ಕಟ್ಟಿಕೊಂಡು ಅಷ್ಟು ದೂರ ಹೋದದ್ದು ಕಥೆ. ಮುಂದೇನಾಯಿತು ಎಂಬ ಪ್ರಶ್ನೆಯನ್ನು ಎಬ್ಬಿಸುವುದು ಈ ಕಥೆಯೇ. ಇಲ್ಲಿ ಜಾಗದ ಹೆಸರೂ ಕಥೆಯ ಭಾಗವಾಗಿಯೇ ಬರುತ್ತದೆ ಎಂಬುದನ್ನು ಗಮನಿಸಿ. ಬೇರೆ ಯಾವುದೋ ಊರಿನಲ್ಲಿ ಕಾರಿನ ಬಾಗಿಲು ಮುಚ್ಚದಿದ್ದರೆ ಅದು ನಗೆಯ ಪ್ರಸಂಗ. ಐಸ್‌ಲ್ಯಾಂಡ್ ಎಂದ ಕೂಡಲೇ ಚಳಿಯೂ ಗಾಳಿಯೂ ಓದುವವರ ಮನಸ್ಸಿಗೆ ತಾವಾಗಿಯೇ ಬರುತ್ತವೆ. ಹಾಗಾಗಿ ಈ ಕಂತಿನ ಮಟ್ಟಿಗೆ ಹುಡುಕುಪದ ಮತ್ತು ಎಳೆಯ ಜಗಳವನ್ನು ಅರ್ಧ ಬಗೆಹರಿದದ್ದೆಂದೇ ತಿಳಿಯಬಹುದು. "Iceland" ಸಾಕು, "Ring Road" ಬೇಡ.

ನಾನು ಮೊದಲು ಬರೆದುಕೊಂಡದ್ದು "Iceland: ಬಾಗಿಲು ಮುಚ್ಚದ ಕಾರಿನಲ್ಲಿ 270 ಕಿ.ಮೀ." ಎಂದು, ಏಕೆಂದರೆ ವೀಕ್‌ನಿಂದ ಹಾಫ್ನ್‌ಗೆ ಸುಮಾರು ಅಷ್ಟೇ ದೂರ. ಆಮೇಲೆ ನಿಮ್ಮ ಬರಹದ ಐದನೆಯ ಪುಟವನ್ನು ನೋಡಿದೆ. ಬಾಗಿಲು ಕೆಟ್ಟದ್ದು ಹೊರಟು ಎಪ್ಪತ್ತು ಕಿ.ಮೀ. ದಾಟಿದ ಮೇಲೆ. ಆದ್ದರಿಂದ 200 ಎಂದೇ ಇಡಿ. 270ಕ್ಕೆ ಬರುವ ಯಾವ ವೀಕ್ಷಕರೂ 200ಕ್ಕೆ ಬಾರದಿರುವುದಿಲ್ಲ, ಆದರೆ ಆ ದಾರಿಯಲ್ಲಿ ಓಡಾಡಿದವರೊಬ್ಬರು ಕಾಮೆಂಟಿನಲ್ಲಿ ಲೆಕ್ಕ ತೆಗೆದರೆ ಇಡೀ ಪ್ರಯಾಣವೇ ಉತ್ಪ್ರೇಕ್ಷೆ ಎನಿಸಿಬಿಡುತ್ತದೆ.

"Iceland: ಬಾಗಿಲು ಮುಚ್ಚದ ಕಾರಿನಲ್ಲಿ 200 ಕಿ.ಮೀ."

ಯೂಟ್ಯೂಬ್ ಶೀರ್ಷಿಕೆಗೆ 100 ಅಕ್ಷರಗಳ ಮಿತಿ ಇದೆ, ಆದರೆ ಫೋನಿನ ಪರದೆಯಲ್ಲಿ ಅದಕ್ಕಿಂತ ಬಹಳ ಮೊದಲೇ ಕತ್ತರಿಸಿಹೋಗುತ್ತದೆ. ಕನ್ನಡದಲ್ಲಿ ಬರೆಯುವವರು ಇಲ್ಲಿ ಎಚ್ಚರವಾಗಿರಬೇಕು. ಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ, ಒತ್ತಕ್ಷರವಾಗದಂತೆ ತಡೆಯುವ ಕಣ್ಣಿಗೆ ಕಾಣದ ಚಿಹ್ನೆ, ಇವೆಲ್ಲ ಗಣಕಕ್ಕೆ ಬೇರೆಬೇರೆ ಅಕ್ಷರಗಳೇ. "ಐಸ್‌ಲ್ಯಾಂಡ್" ಎಂದು ಬರೆದರೆ 11, "Iceland" ಎಂದು ಬರೆದರೆ 7. ಮೇಲಿನ ಶೀರ್ಷಿಕೆ ಒಟ್ಟು 43. ಜಾಗದ ಹೆಸರನ್ನು ರೋಮನ್ ಲಿಪಿಯಲ್ಲಿ ಇಡಲು ಹೇಳುತ್ತಿರುವುದಕ್ಕೆ ಇನ್ನೊಂದು ಕಾರಣವೂ ಇದೆ: ಕನ್ನಡದ ವೀಕ್ಷಕರಲ್ಲೂ ಬಹಳಷ್ಟು ಮಂದಿ ಊರಿನ ಹೆಸರನ್ನು ಹುಡುಕುವಾಗ ಆ ಲಿಪಿಯಲ್ಲೇ ಬರೆಯುತ್ತಾರೆ. ಉಳಿದ ಭಾಗ ಕನ್ನಡ ಲಿಪಿಯಲ್ಲಿರುವುದರಿಂದ "Kannada Vlog" ಎಂದು ಶೀರ್ಷಿಕೆಯಲ್ಲಿ ಸಾರುವ ಅಗತ್ಯ ಉಳಿಯುವುದಿಲ್ಲ. ಆ ಪದಗಳನ್ನೂ Ring Road, Vík, Höfn ಎಂಬ ಹೆಸರುಗಳನ್ನೂ ವಿವರಣೆಯ ಮೊದಲ ಎರಡು ಸಾಲುಗಳಲ್ಲಿ ಸಹಜವಾದ ವಾಕ್ಯವಾಗಿ ಬರೆಯಿರಿ.

ಈ ಶೀರ್ಷಿಕೆ ನಿಲ್ಲಬೇಕಾದರೆ ಬರಹವನ್ನು ತಿದ್ದಬೇಕು, ಇದನ್ನು ಕೇಳಿ ನಿಮಗೆ ಬೇಸರವಾಗಬಹುದು. ಈಗ ಬಾಗಿಲಿನ ಪ್ರಸಂಗ ಬರುವುದು ಏಳನೆಯ ನಿಮಿಷದಲ್ಲಿ; ಅದಕ್ಕೂ ಮೊದಲು ಬೆಳಗಿನ ಉಪಾಹಾರ, ಸಾಮಾನು ಜೋಡಿಸುವುದು, ಎರಡು ಜಲಪಾತ. ಬಾಗಿಲಿಗಾಗಿ ಬಂದವರನ್ನು ಆರು ನಿಮಿಷ ಕಾಯಿಸುವ ಹಕ್ಕು ನಮಗಿಲ್ಲ. ಹಗ್ಗ ಕಟ್ಟಿದ ಬಾಗಿಲನ್ನು ಗಾಳಿ ಎಳೆಯುತ್ತಿರುವ ದೃಶ್ಯವನ್ನು ಮೊದಲ ಅರ್ಧ ನಿಮಿಷಕ್ಕೆ ತನ್ನಿ, ಆಮೇಲೆ ಬೇಕಿದ್ದರೆ ಬೆಳಗಿಗೆ ಹಿಂದಿರುಗಿ. ಉಪಾಹಾರವನ್ನು ಪೂರ್ತಿ ತೆಗೆಯಿರಿ. ಹಾಗೆಯೇ, ಅಂಥ ಕಾರನ್ನು ಓಡಿಸಿದ್ದು ಅಪಾಯಕಾರಿ ನಿರ್ಧಾರವಾಗಿತ್ತು ಎಂದು ನೀವೇ ಒಂದು ಮಾತು ಹೇಳಿಬಿಡಿ. ಸಾಹಸದ ಧ್ವನಿ ಈಗ ಸ್ವಲ್ಪ ಹೆಚ್ಚಾಗಿದೆ.

ಬಾಡಿಗೆ ವಿಮೆಯ ಬಗ್ಗೆ ನೀವು ಕೊನೆಗೆ ಹೇಳಿರುವ ಭಾಗ ಮಾತ್ರ ಬೇರೆ ಜಾತಿಯದು. ಗಾಳಿಯಿಂದ ಬಾಗಿಲಿಗಾಗುವ ಹಾನಿ ಅಲ್ಲಿನ ಸಾಮಾನ್ಯ ಬಾಡಿಗೆ ವಿಮೆಯಲ್ಲಿ ಹೆಚ್ಚಾಗಿ ಸೇರಿರುವುದಿಲ್ಲ ಎಂಬುದು ಪ್ರವಾಸಕ್ಕೆ ಹೊರಟವರು ಹುಡುಕಿಕೊಂಡು ಬರುವ ಮಾಹಿತಿ. ಅದನ್ನು ಐದು ನಿಮಿಷದ ಪ್ರತ್ಯೇಕ ವೀಡಿಯೊ ಮಾಡಿ, "Iceland Car Rental: ಗಾಳಿಗೆ ಬಾಗಿಲು ಕೆಟ್ಟರೆ ವಿಮೆ ಸಿಗುತ್ತದೆಯೇ?" ಎಂದು ಹೆಸರಿಡಿ. ಅಲ್ಲಿ ನಿಮ್ಮ ಗೆಳೆಯರ ಮಾತು ಪೂರ್ತಿ ಸರಿ.

ಪ್ರಕಟಿಸಿದ ಎರಡು ವಾರಗಳ ಬಳಿಕ YouTube Studio ತೆರೆದು, ವೀಕ್ಷಣೆ ಎಲ್ಲಿಂದ ಬಂದಿದೆ ಎಂಬುದನ್ನು ಮೊದಲು ನೋಡಿ, ಥಂಬ್‌ನೇಲ್ ಕಂಡವರಲ್ಲಿ ಒತ್ತಿದವರ ಶೇಕಡಾವಾರನ್ನು ಆಮೇಲೆ. ಅರ್ಧದಷ್ಟು ಚಾನೆಲ್‌ಗಳಲ್ಲಿ ಅದು ಶೇ. 2ರಿಂದ 10ರ ನಡುವೆ ಇರುತ್ತದೆ ಎಂದು ಯೂಟ್ಯೂಬ್ ತಾನೇ ಹೇಳಿದೆ. ವೀಡಿಯೊ ಅಪರಿಚಿತರಿಗೆ ಹೆಚ್ಚು ಕಾಣಿಸಿಕೊಂಡಷ್ಟೂ ಅದು ಇಳಿಯುವುದು ಸಹಜ. ಒತ್ತುವವರು ಸಾಕಷ್ಟಿದ್ದು ಮೊದಲ ಅರ್ಧ ನಿಮಿಷದಲ್ಲೇ ವೀಕ್ಷಣೆಯ ಗೆರೆ ಕುಸಿದಿದ್ದರೆ ಶೀರ್ಷಿಕೆಯನ್ನು ಮುಟ್ಟಬೇಡಿ, ಆರಂಭವನ್ನು ತಿದ್ದಿ. ಒತ್ತುವವರೇ ಕಡಿಮೆಯಿದ್ದು, ಬಂದವರು ಕೊನೆಯವರೆಗೂ ಉಳಿಯುತ್ತಿದ್ದರೆ ಥಂಬ್‌ನೇಲನ್ನು ಬದಲಿಸಿ ನೋಡಿ, ಆಮೇಲೆ ಶೀರ್ಷಿಕೆಯನ್ನು. ಎರಡನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಏನಾಯಿತೆಂದು ನಿಮಗೂ ತಿಳಿಯದು, ನನಗೂ ಹೇಳಲಾಗದು.